ಜಗಳದ ನಡುವೆ ಎದ್ದು ಹೋಗೋದು ಹೇಗೆ, ವಾಪಸ್ ಬರೋದು ಹೇಗೆ

ಗಂಡ ಹೆಂಡತಿ ಜಗಳದಲ್ಲಿ ಕೂಗಾಟ ಪಕ್ಕದ ಮನೆಗೂ ಕೇಳಿಸುತ್ತದೆ, ಹಾಗಾಗಿ ಎಲ್ಲರೂ ಅದನ್ನೇ ದೊಡ್ಡ ತೊಂದರೆ ಅಂದುಕೊಳ್ಳುತ್ತಾರೆ. ಮೈಸೂರಿನಲ್ಲಿ ಜೋಡಿಗಳ ಜೊತೆ ಕೂತು ಮಾತಾಡುವುದು ನನ್ನ ಕೆಲಸ. ನಾನು ನೋಡಿರುವ ಮಟ್ಟಿಗೆ ಸಂಸಾರವನ್ನು ಹೆಚ್ಚು ಕೆಡಿಸುವುದು ದನಿ ಏರಿಸದೆಯೂ ಮಾಡಬಹುದಾದ ಎರಡು ಕೆಲಸಗಳು. ಒಂದು, ಎದುರಿಗಿರುವವರನ್ನು ಹೀಯಾಳಿಸುವುದು. ಇನ್ನೊಂದು, ಮುಖ ತಿರುಗಿಸಿಕೊಂಡು ಮಾತು ಬಿಡುವುದು. ಒಂದು ಬಂದರೆ ಅದರ ಹಿಂದೆಯೇ ಇನ್ನೊಂದು ಬರುತ್ತದೆ.

ಹೇಗೆ ಅಂತ ನೋಡಲು ಒಂದು ಜಗಳವನ್ನೇ ತೆಗೆದುಕೊಳ್ಳೋಣ. ನಾಲ್ಕಾರು ಮನೆಗಳ ಜಗಳ ಸೇರಿಸಿ ನಾನೇ ಮಾಡಿದ ಜೋಡಿ ಇದು. ಸವಿತಾ, ಮಂಜು ಅಂತ ಹೆಸರಿಡೋಣ. ರಾಮಕೃಷ್ಣನಗರದಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಮಂಜುಗೆ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಶಿಫ್ಟ್ ಕೆಲಸ, ಸವಿತಾ ಖಾಸಗಿ ಶಾಲೆಯಲ್ಲಿ ಟೀಚರ್. ಏಳನೇ ಕ್ಲಾಸಿನ ಮಗಳು. ಮಂಜು ಅಮ್ಮ ಜೊತೆಯಲ್ಲೇ ಇದ್ದಾರೆ. ಊರು ಮದ್ದೂರಿನ ಹತ್ತಿರ, ಅಲ್ಲಿ ತಮ್ಮ ಕಬ್ಬು ಬೆಳೆಯುತ್ತಾನೆ.

ಜೂನ್ ತಿಂಗಳು. ಮಗಳ ಫೀಸ್ ಕಟ್ಟೋಣ ಅಂತ ಸವಿತಾ ಬ್ಯಾಂಕ್ ಆ್ಯಪ್ ತೆರೆದಾಗ 40,000 ರೂಪಾಯಿ ಕಡಿಮೆ ಇದೆ. ಕಬ್ಬಿನ ದುಡ್ಡು ಇನ್ನೂ ಬಂದಿಲ್ಲ, ಕಡಿದ ಆಳುಗಳಿಗೆ ಕೂಲಿ ಕೊಡಬೇಕು ಅಂತ ತಮ್ಮ ಕೇಳಿದ್ದ. ಮಂಜು ಹೇಳದೇ ಕಳಿಸಿದ್ದ. ರಾತ್ರಿ ಎಂಟೂವರೆಗೆ ಅಡುಗೆಮನೆಯಲ್ಲಿ ಶುರುವಾಯಿತು.

"ದುಡ್ಡು ಯಾರಿಗೆ ಕೊಟ್ರಿ?"

"ತಮ್ಮಂಗೆ. ಬಿಲ್ ಬಂದ ತಕ್ಷಣ ಕೊಡ್ತಾನೆ."

"ಓ, ಕೊಡ್ತಾನಂತೆ! ನಿಮ್ಮ ಮನೆಯವರಿಗೆ ಇಸ್ಕೊಳ್ಳೋದು ಗೊತ್ತು, ವಾಪಸ್ ಕೊಡೋದು ಯಾವಾಗ ಗೊತ್ತಿತ್ತು? ವಂಶಾನೇ ಅಷ್ಟು."

"ಹೌದು ಮೇಡಂ. ತಾವು ಸಂಬಳ ತರ್ತೀರಲ್ಲ, ತಮ್ಮ ಅಪ್ಪಣೆ ಇಲ್ದೆ ನಾವು ಉಸಿರಾಡಬಾರದು."

"ಥೂ, ನಿನ್ ಹತ್ರ ಮಾತಾಡ್ತೀನಲ್ಲ, ನನಗೆ ಬುದ್ಧಿ ಇಲ್ಲ."

ಆಮೇಲೆ ಮಂಜು ಮೊಬೈಲ್ ಹಿಡಿದು ಹಾಲ್‌ನಲ್ಲಿ ಕೂತ. ಸವಿತಾ ಹಿಂದೆಯೇ ಬಂದು ಏನೇ ಕೇಳಿದರೂ ತಲೆ ಎತ್ತಲಿಲ್ಲ. ತಟ್ಟೆ ಕುಕ್ಕಿದ ಸದ್ದು. ಮೂರು ದಿನ "ನಿಮ್ಮಪ್ಪಂಗೆ ಹೇಳು ಊಟಕ್ಕೆ ಬರೋಕೆ", "ನಿಮ್ಮಮ್ಮಂಗೆ ಹೇಳು ನನಗೆ ಬೇಡ ಅಂತ". ನಡುವೆ ಸುದ್ದಿ ಹೊತ್ತು ಓಡಾಡಿದ್ದು ಮಗಳು.

ಇದರಲ್ಲಿ ದುಡ್ಡಿನ ಮಾತು ಎಷ್ಟಿತ್ತು? ಮೊದಲ ಎರಡು ಸಾಲು ಮಾತ್ರ. ಮೂರನೇ ಸಾಲಿಗೆ ಮಾತು ವಂಶದ ಮೇಲೆ ಹೋಯಿತು. ಮಂಜು ಕೊಂಕಿನಿಂದ "ತಾವು" ಅಂದ, ಸವಿತಾ ಏಕವಚನಕ್ಕೆ ಇಳಿದಳು. ನಮ್ಮ ಕಡೆ ಹೀಯಾಳಿಕೆ ಶುರುವಾಗಿದೆ ಅಂತ ಗೊತ್ತಾಗಲು ಇದಕ್ಕಿಂತ ಒಳ್ಳೆ ಗುರುತು ಇಲ್ಲ. ಬಹುವಚನ ಇದ್ದಲ್ಲಿ ಏಕವಚನ ಬರುತ್ತದೆ, ಏಕವಚನ ಇದ್ದಲ್ಲಿ ದಿಢೀರನೆ ಅತಿ ಮರ್ಯಾದೆ ಬರುತ್ತದೆ. ಮೂಗು ಮುರಿಯುವುದು, ಅಣಕಿಸುವುದು, ಮೇಲೆ ನೋಡಿ ನಿಟ್ಟುಸಿರು ಬಿಡುವುದು ಅದರ ಜೊತೆಗೇ ಇರುತ್ತವೆ.

ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಇದನ್ನೇ ವರ್ಷಗಟ್ಟಲೆ ನೋಡಿದರು. ಇನ್ನೊಬ್ಬ ಮನಶ್ಶಾಸ್ತ್ರಜ್ಞ ರಾಬರ್ಟ್ ಲೆವೆನ್‌ಸನ್ ಈ ಕೆಲಸದಲ್ಲಿ ಅವರ ಜೊತೆಗಿದ್ದರು. ಜೋಡಿಗಳನ್ನು ಕೂರಿಸಿ, ನಿಮ್ಮ ನಡುವೆ ಬಗೆಹರಿಯದ ವಿಷಯವನ್ನೇ ಮಾತಾಡಿ ಅಂದು, ಮುಖದ ಭಾವ, ಎದೆಬಡಿತ ಎಲ್ಲ ದಾಖಲಿಸಿಕೊಂಡರು. ದೂಷಣೆ, ಹೀಯಾಳಿಕೆ, ತನ್ನದೇನೂ ತಪ್ಪಿಲ್ಲ ಅನ್ನುವ ಸಮರ್ಥನೆ, ಮಾತು ಮುಚ್ಚಿಕೊಳ್ಳುವುದು ಅಂತ ನಾಲ್ಕು ಅಭ್ಯಾಸಗಳನ್ನು ಗುರುತಿಸಿದರು. ನಾಲ್ಕರಲ್ಲಿ ಡೈವೋರ್ಸ್ ಕಡೆಗೆ ಜಾಸ್ತಿ ಬೆರಳು ತೋರಿಸಿದ್ದು ಹೀಯಾಳಿಕೆ. ಇಷ್ಟು ನಿಮಿಷ ನೋಡಿ ಡೈವೋರ್ಸ್ ಹೇಳಿಬಿಡ್ತಾರೆ ಅನ್ನುವ ಸುದ್ದಿಗಳನ್ನು ಮಾತ್ರ ಅಷ್ಟಾಗಿ ನಂಬಬೇಡಿ. ಆ ಲೆಕ್ಕ ಮಾಡಿದ ರೀತಿಯ ಬಗ್ಗೆ ಬೇರೆ ಸಂಶೋಧಕರ ತಕರಾರಿದೆ. ಅಲ್ಲಿನ ಜೋಡಿಗಳಿಗೆ ಹಾಲ್‌ನಲ್ಲಿ ಅತ್ತೆಯೂ ಇರಲಿಲ್ಲ.

ನನಗೆ ಕೆಲಸಕ್ಕೆ ಬಂದಿದ್ದು ಅವರ ಇನ್ನೊಂದು ಪ್ರಯೋಗ. ಜಗಳ ಕಾವೇರಿದಾಗ ಮಧ್ಯೆ ಬಂದು, ಯಂತ್ರ ಸರಿ ಮಾಡಬೇಕು, ಆ ವಿಷಯ ಬಿಟ್ಟು ಸ್ವಲ್ಪ ಹೊತ್ತು ಈ ಪತ್ರಿಕೆ ಓದಿಕೊಂಡಿರಿ ಅಂದರು. ಅರ್ಧ ಗಂಟೆ ಬಿಟ್ಟು ಅದೇ ವಿಷಯ ಮತ್ತೆ ಶುರು ಮಾಡಿಸಿದರು. ಎದೆಬಡಿತ ಇಳಿದಿತ್ತು, ಮಾತಿನ ಧಾಟಿಯೂ ಬದಲಾಗಿತ್ತು. ಯಾರೂ ಬುದ್ಧಿ ಹೇಳಿರಲಿಲ್ಲ, ಬರೀ ಮೈ ತಣ್ಣಗಾಗಿತ್ತು. ಈ ಬಿಡುವನ್ನು ನಮ್ಮ ಮನೆಗಳಲ್ಲಿ ಹೇಗೆ ಮಾಡಿಕೊಳ್ಳೋದು ಅನ್ನೋದೇ ಈ ಲೇಖನ.

ಇದು ಯಾರಿಗಲ್ಲ

ಹೊಡೆತ, ಬೆದರಿಕೆ, ದುಡ್ಡು ಫೋನು ಕಿತ್ತಿಟ್ಟುಕೊಳ್ಳುವುದು ಇದ್ದರೆ, ಬಾಯಿಬಿಟ್ಟರೆ ಏನಾಗುತ್ತೋ ಅನ್ನುವ ಭಯ ಇದ್ದರೆ ಕೆಳಗಿನ ಯಾವುದೂ ನಿಮಗಲ್ಲ. ಅಲ್ಲಿ ಇಬ್ಬರೂ ಮಾತಿನ ಧಾಟಿ ತಿದ್ದಿಕೊಳ್ಳಿ ಅನ್ನುವುದೇ ತಪ್ಪು. ಮಹಿಳಾ ಸಹಾಯವಾಣಿ 181, ತುರ್ತಾದರೆ 112. ಕೌಟುಂಬಿಕ ಹಿಂಸೆ ವಿರುದ್ಧದ 2005ರ ಕಾಯ್ದೆ ಮಾತಿನ ಹಿಂಸೆ, ದುಡ್ಡಿನ ಹಿಂಸೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

ಇನ್ನೊಂದು ವ್ಯತ್ಯಾಸ ಗಮನಿಸಿ. ತಲೆ ಬಿಸಿಯಾಗಿ ಮಾತು ನಿಂತುಹೋದವರು ಯಾರ ಜೊತೆಗೂ ಸರಿಯಾಗಿ ಮಾತಾಡಲಾರರು. ದವಡೆ ಬಿಗಿದಿರುತ್ತದೆ, ಕಣ್ಣು ಒಂದೇ ಕಡೆ ನೆಟ್ಟಿರುತ್ತದೆ, ಗಂಟೆ ಎರಡು ಗಂಟೆಯಲ್ಲಿ ಸಡಿಲವಾಗುತ್ತಾರೆ. ಅದೇ ಮನುಷ್ಯ ಫೋನಿನಲ್ಲಿ ಗೆಳೆಯರ ಜೊತೆ ನಗುನಗುತ್ತಾ ಮಾತಾಡಿ, ಹೆಂಡತಿ ಬಂದ ತಕ್ಷಣ ಬಾಯಿ ಮುಚ್ಚಿಕೊಂಡು, ಅದನ್ನು ದಿನಗಟ್ಟಲೆ ನಡೆಸಿದರೆ ಅದು ಶಿಕ್ಷೆ ಕೊಡುತ್ತಿರುವುದು. ಬಿಡುವು ಮೊದಲನೆಯದಕ್ಕೆ ಮದ್ದು. ಎರಡನೆಯದಕ್ಕೆ ಆಪ್ತಸಲಹೆಗಾರರ ಮುಂದೆ ಇಬ್ಬರೂ ಕೂರಬೇಕಾಗುತ್ತದೆ.

ಹಂತ 1: ಜಗಳ ಇಲ್ಲದ ದಿನ ಮಾತು ಮಾಡಿಕೊಳ್ಳಿ

ಜಗಳದ ಮಧ್ಯೆ "ಸ್ವಲ್ಪ ಬಿಡುವು ತಗೊಳ್ಳೋಣ" ಅಂದರೆ ಎದುರಿನವರಿಗೆ ಅದು ತಪ್ಪಿಸಿಕೊಳ್ಳುವ ನೆಪದ ಹಾಗೇ ಕೇಳಿಸುತ್ತದೆ. ಅದಕ್ಕೆ ಭಾನುವಾರ ಕಾಫಿ ಕುಡಿಯುವಾಗಲೋ ಗಾಡಿಯಲ್ಲಿ ಹೋಗುವಾಗಲೋ ಮೊದಲೇ ಮಾತಾಡಿಕೊಂಡಿರಬೇಕು. ಬಿಡುವು ಯಾರು ಬೇಕಾದರೂ ಕೇಳಬಹುದು. ಕೇಳಿದ ಮೇಲೆ ಇನ್ನೊಬ್ಬರು "ಇದೊಂದು ಮಾತು ಕೇಳಿ ಹೋಗು" ಅನ್ನಬಾರದು. ವಾಪಸ್ ಬರುವ ಹೊತ್ತನ್ನು ಕೇಳಿದವರೇ ಹೇಳಬೇಕು, ಮಾತು ಮತ್ತೆ ಶುರು ಮಾಡುವುದೂ ಅವರದೇ ಜವಾಬ್ದಾರಿ.

ಈ ಕೊನೆಯದರಲ್ಲೇ ಎಲ್ಲ ಇರುವುದು. ಗಂಡ ಎದ್ದು ಹೋದರೆ ಹೆಂಡತಿ ಹಿಂದೆ ಯಾಕೆ ಓಡಿಬರುತ್ತಾಳೆ? ಈಗ ಬಿಟ್ಟರೆ ಈ ವಿಷಯ ಮತ್ತೆ ಬರೋದೇ ಇಲ್ಲ ಅಂತ ಅವಳಿಗೆ ಅನುಭವದಿಂದ ಗೊತ್ತು. ಅವಳು ಬೆನ್ನು ಹತ್ತಿದಷ್ಟೂ ಅವನು ಮುಚ್ಚಿಕೊಳ್ಳುತ್ತಾನೆ, ಅವನು ಮುಚ್ಚಿಕೊಂಡಷ್ಟೂ ಅವಳ ಮಾತು ಚೂಪಾಗುತ್ತದೆ. ಮಾತು ಮುಚ್ಚಿಕೊಂಡವರಲ್ಲಿ ಸುಮಾರು 85% ಗಂಡಸರು ಅಂತ ಗಾಟ್‌ಮನ್ ಹೇಳುತ್ತಾರೆ. ನಮ್ಮ ಕಡೆ, ಅದರಲ್ಲೂ ಅತ್ತೆ ಮಾವ ಇರುವ ಮನೆಗಳಲ್ಲಿ, ಬಾಯಿ ಕಟ್ಟಿಕೊಂಡು ಕೂರುವ ಹೆಂಗಸರನ್ನೂ ನಾನು ಬೇಕಾದಷ್ಟು ನೋಡಿದ್ದೇನೆ. ಯಾರೇ ಆಗಲಿ, ವಾಪಸ್ ಬರುವ ಹೊತ್ತು ಗೊತ್ತಿದ್ದರೆ ಬೆನ್ನು ಹತ್ತುವವರ ಅವಸರ ಕಡಿಮೆಯಾಗುತ್ತದೆ.

ಅತ್ತೆಗೂ ಒಂದು ಮಾತು ಹೇಳಿಟ್ಟಿರಿ. "ಅಮ್ಮ, ನಾವು ಜಗಳ ಆಡ್ತಾ ನಾನು ಮೇಲೆ ಹೋದ್ರೆ ನೀವು ಯಾರ ಪರಾನೂ ಬರಬೇಡಿ, ಅರ್ಧ ಗಂಟೆಲಿ ನಾನೇ ಬರ್ತೀನಿ." ಇದನ್ನು ಮಗನೇ ಹೇಳಬೇಕು. ಸೊಸೆ ಹೇಳಿದರೆ ಅದೇ ಬೇರೆ ಜಗಳ.

ಹಂತ 2: ಮೈ ಹೇಳುವುದನ್ನು ಗುರುತಿಸಿ

ಕೂತಿರುವಾಗ ಎದೆಬಡಿತ ನಿಮಿಷಕ್ಕೆ 100 ದಾಟಿದರೆ ಎದುರಿನವರ ಮಾತು ಕಿವಿಗೆ ಬಿದ್ದರೂ ತಲೆಗೆ ಹೋಗುವುದಿಲ್ಲ ಅಂತ ಗಾಟ್‌ಮನ್ ಲೆಕ್ಕ. ಮಣಿಕಟ್ಟಿನ ಒಳಭಾಗದಲ್ಲಿ, ಹೆಬ್ಬೆರಳಿನ ಬುಡದ ಕೆಳಗೆ ಎರಡು ಬೆರಳಿಟ್ಟು 15 ಸೆಕೆಂಡ್ ಎಣಿಸಿ. 25 ಬಂದರೆ ಆಯಿತು, ನೀವು 100ರಲ್ಲಿದ್ದೀರಿ. ಜಗಳದ ಮಧ್ಯೆ ಯಾರೂ ನಾಡಿ ಹಿಡಿದುಕೊಂಡು ನಿಲ್ಲುವುದಿಲ್ಲ, ಗೊತ್ತು. ಒಂದೆರಡು ಸಲ ಎದ್ದು ಹೋದ ತಕ್ಷಣ ಎಣಿಸಿ ನೋಡಿದರೆ ಆ ಹೊತ್ತಿನಲ್ಲಿ ನಿಮ್ಮ ಮೈ ಹೇಗಿರುತ್ತದೆ ಅನ್ನುವುದು ಪರಿಚಯವಾಗುತ್ತದೆ. ಕೆಲವರಿಗೆ ಕಿವಿ ಬಿಸಿಯಾಗುತ್ತದೆ, ಕೆಲವರಿಗೆ ಹೊಟ್ಟೆ ಹಿಡಿದುಕೊಳ್ಳುತ್ತದೆ. ಬಿಪಿಗೆ ಕೊಡುವ ಕೆಲವು ಮಾತ್ರೆಗಳು ಎದೆಬಡಿತವನ್ನೇ ತಗ್ಗಿಸಿಡುತ್ತವೆ. ಅಂಥವರು ಈ ಲೆಕ್ಕ ನಂಬಬೇಡಿ.

ಲೆಕ್ಕ ಬೇಡ ಅಂದರೆ ನಾನು ಹೇಳಿಕೊಡುವ ಪರೀಕ್ಷೆ ಇದು. ಎದುರಿನವರು ಈಗಷ್ಟೇ ಹೇಳಿದ ಮಾತನ್ನು ಮನಸ್ಸಲ್ಲೇ ಒಂದು ಸಲ ಹೇಳಿಕೊಳ್ಳಿ. ನೆನಪಿಗೆ ಬರಲಿಲ್ಲ, ಬದಲಿಗೆ ನೀವು ಮುಂದೆ ಹೇಳಬೇಕಾದ ಉತ್ತರವೇ ಬರುತ್ತಿದೆ ಅಂದರೆ ಎದ್ದೇಳುವ ಹೊತ್ತಾಯಿತು.

ಹಂತ 3: ಹೊತ್ತು ಹೇಳಿ ಎದ್ದು ಹೋಗಿ

ಹೇಳುವ ಮಾತು ನಿಮ್ಮ ಬಗ್ಗೆ ಇರಲಿ. "ನೀನು ಕಿರುಚ್ತಾ ಇದೀಯ, ನಾನು ಹೋಗ್ತೀನಿ" ಅನ್ನುವುದು ಬಿಡುವಲ್ಲ, ಕೊನೆಯ ಏಟು. "ನಂಗೆ ತಲೆ ಓಡ್ತಿಲ್ಲ ಕಣೆ. ಟೆರೇಸ್‌ಗೆ ಹೋಗಿರ್ತೀನಿ. ಒಂಬತ್ತೂಕಾಲಿಗೆ ಬಂದು ದುಡ್ಡಿನ ವಿಷಯ ನಾನೇ ತೆಗೀತೀನಿ." ಇಷ್ಟು ಸಾಕು. ಮೂರು ವಿಷಯ ಇದರಲ್ಲಿವೆ: ಯಾಕೆ ಹೋಗುತ್ತಿದ್ದೇನೆ, ಎಷ್ಟೊತ್ತಿಗೆ ಬರುತ್ತೇನೆ, ಬಂದು ಯಾವುದನ್ನು ಮಾತಾಡುತ್ತೇನೆ.

ಕನಿಷ್ಠ 20 ನಿಮಿಷ ಬೇಕು. ಸಿಟ್ಟಿನಲ್ಲಿ ಕಾವೇರಿದ ಮೈ ತಣ್ಣಗಾಗಲು ಅಷ್ಟಾದರೂ ಹಿಡಿಯುತ್ತದೆ. ಐದು ನಿಮಿಷಕ್ಕೆ ಬಂದವರು ನನಗೆ ಸರಿಹೋಯಿತು ಅನ್ನುತ್ತಾರೆ, ಎರಡೇ ಮಾತಿಗೆ ಮತ್ತೆ ಉರಿಯುತ್ತಾರೆ. ಒಂದು ದಿನ ಮೀರಬಾರದು. ರಾತ್ರಿ ತುಂಬಾ ಹೊತ್ತಾಗಿದ್ದರೆ ಬೆಳಗ್ಗೆ ಅನ್ನಿ, ಆದರೆ ಬೆಳಗ್ಗೆ ಎಷ್ಟು ಗಂಟೆಗೆ ಅಂತಲೂ ಹೇಳಿ. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರಲ್ಲ, ಉಂಡು ಮಲಗಿ ಎದ್ದ ಮೇಲೆ ವಿಷಯವನ್ನು ಯಾರೂ ಎತ್ತದಿದ್ದರೆ 40,000 ರೂಪಾಯಿ ಅಲ್ಲೇ ಇರುತ್ತದೆ.

ಹಂತ 4: ಬಿಡುವಿನಲ್ಲಿ ಏನು ಮಾಡಬೇಕು

ಬಿಡುವು ಕೆಡುವುದು ಜಾಸ್ತಿ ಇಲ್ಲೇ. ಟೆರೇಸ್‌ನಲ್ಲಿ ನಿಂತು "ನಾನ್ ಏನ್ ಮಾಡಿದ್ರೂ ತಪ್ಪು, ಅವಳ ತಂಗಿ ಮದುವೆಗೆ ನಾನು ಕೊಡ್ಲಿಲ್ವಾ" ಅಂತ ಮನಸ್ಸಲ್ಲೇ ವಾದ ಕಟ್ಟುತ್ತಾ ಇದ್ದರೆ ಒಂದು ಗಂಟೆಯಾದರೂ ಮೈ ಇಳಿಯುವುದಿಲ್ಲ. ಅಲ್ಲಿ ಪ್ರಯೋಗದಲ್ಲಿ ಪತ್ರಿಕೆ ಕೊಟ್ಟಿದ್ದು ಇದಕ್ಕೇ. ಮನಸ್ಸಿಗೆ ಬೇರೆ ಕೆಲಸ ಬೇಕು. ಬಡಾವಣೆಯಲ್ಲಿ ಎರಡು ಸುತ್ತು ನಡೆಯಿರಿ, ಒಣಗಿದ ಬಟ್ಟೆ ತೆಗೆದು ಮಡಿಸಿ, ಗಿಡಕ್ಕೆ ನೀರು ಹಾಕಿ, ಪೇಪರಿನ ಪದಬಂಧ ತುಂಬಿ. ಮನೆಯಲ್ಲೇ ಉಳಿದವರಿಗೂ ಇದೇ ಮಾತು. ಸವಿತಾ ಆ 20 ನಿಮಿಷ ಅತ್ತೆಯ ಹತ್ತಿರ ಮಂಜು ಮೇಲೆ ದೂರು ಹೇಳುತ್ತಾ ಕಳೆದರೆ ಅವಳ ಬಿಡುವು ಕೆಟ್ಟಿತು.

ಬೈಕ್ ತೆಗೆದುಕೊಂಡು ರಿಂಗ್ ರೋಡಿಗೆ ಹೋಗಬೇಡಿ, ಆ ತಲೆಯಲ್ಲಿ ಗಾಡಿ ಓಡಿಸುವುದು ಅಪಾಯ. ಬಾರ್‌ಗೂ ಬೇಡ. ಅಣ್ಣನಿಗೋ ಅಕ್ಕನಿಗೋ ಫೋನ್ ಮಾಡುವುದೂ ಬೇಡ. ಅವರು ನಿಮ್ಮ ಪರ ಮಾತಾಡುತ್ತಾರೆ, ನಿಮ್ಮ ಜಗಳ ನಾಳೆ ಮುಗಿದರೂ ಅವರ ಮನಸ್ಸಿನಲ್ಲಿ ಉಳಿದುಬಿಡುತ್ತದೆ.

ಹಂತ 5: ವಾಪಸ್ ಬಂದು ಮೊದಲ ವಾಕ್ಯ

ಹೇಳಿದ ಹೊತ್ತಿಗೆ ಬನ್ನಿ. ಮೈ ಇನ್ನೂ ಇಳಿದಿಲ್ಲ ಅಂದರೂ ಬಂದು "ಇನ್ನೊಂದು 20 ನಿಮಿಷ ಬೇಕು" ಅಂತ ಹೇಳಿ ಹೋಗಿ. ಒಂದು ಸಲ ಬಾರದೇ ಇದ್ದರೆ ಮುಂದಿನ ಸಲ ಬಿಡುವು ಅಂದಾಗ ಯಾರೂ ನಂಬುವುದಿಲ್ಲ.

"ಈಗ ತಲೆ ತಣ್ಣಗಾಯ್ತಾ?" ಅಂತ ಮಾತ್ರ ಶುರು ಮಾಡಬೇಡಿ. ಕೇಳಲು ಕಾಳಜಿ, ಒಳಗೆ ಕೊಂಕು. ಮಾತಿನ ಮೊದಲ ಮೂರು ನಿಮಿಷ ಹೇಗಿರುತ್ತದೋ ಉಳಿದದ್ದೂ ಹೆಚ್ಚುಕಮ್ಮಿ ಹಾಗೇ ಹೋಗುತ್ತದೆ ಅನ್ನುವುದು ಗಾಟ್‌ಮನ್ ಪ್ರಯೋಗಗಳಲ್ಲಿ ಕಂಡ ಇನ್ನೊಂದು ಸಂಗತಿ. ಅದಕ್ಕೆ ಮೊದಲ ವಾಕ್ಯಕ್ಕೆ ಸ್ವಲ್ಪ ಯೋಚನೆ ಕೊಡಿ.

ಸವಿತಾ ಹೇಳಿದ್ದನ್ನೇ ತೆಗೆದುಕೊಳ್ಳಿ: "ನಿಮ್ಮ ಮನೆಯವರಿಗೆ ಇಸ್ಕೊಳ್ಳೋದು ಗೊತ್ತು, ವಂಶಾನೇ ಅಷ್ಟು." ಹೀಯಾಳಿಕೆಯ ಒಳಗೆ ಸಾಮಾನ್ಯವಾಗಿ ಒಂದು ನ್ಯಾಯವಾದ ದೂರು ಇರುತ್ತದೆ. ಬಹಳ ದಿನ ಹೇಳದೇ ಇಟ್ಟುಕೊಂಡ ದೂರು. ಅದನ್ನು ಹೊರತೆಗೆಯಲು ಮೂರು ಪ್ರಶ್ನೆ ಕೇಳಿಕೊಳ್ಳಬೇಕು. ಏನು ನಡೆಯಿತು? ನನಗೆ ಏನನ್ನಿಸಿತು? ಇನ್ನು ಮುಂದೆ ಏನು ಬೇಕು? ಉತ್ತರ ಹೀಗೆ ಬರುತ್ತದೆ: "ಫೀಸ್ ಕಟ್ಟೋಕೆ ಹೋದಾಗ ಅಕೌಂಟ್‌ನಲ್ಲಿ ದುಡ್ಡಿರಲಿಲ್ಲ. ಭಯ ಆಯ್ತು ರೀ, ಆಮೇಲೆ ನನ್ನನ್ನ ಕೇಳ್ಬೇಕು ಅಂತಾನೂ ನಿಮಗೆ ಅನ್ನಿಸಲಿಲ್ವಲ್ಲ ಅಂತ ಬೇಜಾರಾಯ್ತು. ಮುಂದೆ ದೊಡ್ಡ ಮೊತ್ತ ಕಳಿಸೋ ಮುಂಚೆ ನನಗೆ ಒಂದು ಮಾತು ಹೇಳಿ."

ಇದರಲ್ಲಿ ಸಿಟ್ಟು ಕಡಿಮೆಯಾಗಿಲ್ಲ, ಗಮನಿಸಿ. ದುಡ್ಡಿನ ವಿಷಯವನ್ನು ಅವಳು ಬಿಟ್ಟುಕೊಟ್ಟೂ ಇಲ್ಲ. ವಂಶ ಹೋಗಿದೆ, ಮೈದುನ ಹೋಗಿದ್ದಾನೆ. ಮಂಜು ಉತ್ತರ ಕೊಡಬಹುದಾದ ಒಂದು ವಿಷಯ ಉಳಿದಿದೆ. ಒಂದು ಎಚ್ಚರಿಕೆ: "ನನಗೆ ಅನ್ನಿಸುತ್ತೆ" ಅಂತ ಶುರು ಮಾಡಿದರೆ ಎಲ್ಲ ಸರಿ ಅಂತಲ್ಲ. "ನನಗೆ ಅನ್ನಿಸುತ್ತೆ ನೀವು ಅಮ್ಮನ ಬಾಲ ಅಂತ" ಅನ್ನುವುದು ಹಳೆಯ ಹೀಯಾಳಿಕೆಯೇ.

ಹಂತ 6: ದೂರು ಕೇಳಿಸಿಕೊಂಡವರು ಒಪ್ಪಬಹುದಾದಷ್ಟನ್ನು ಒಪ್ಪಿಕೊಳ್ಳಿ

ಮಂಜು ಬಾಯಿಗೆ ಮೊದಲು ಬರುವುದು ಸಮರ್ಥನೆ. "ಹೇಳಿದ್ರೆ ನೀನು ಬಿಡ್ತಿದ್ಯಾ?" ಅದರಲ್ಲಿ ಸ್ವಲ್ಪ ನಿಜವೂ ಇರಬಹುದು. ಆದರೆ ಅದು ಎರಡನೇ ಮಾತಾಗಲಿ. ಮೊದಲನೆಯದು ತನ್ನ ಪಾಲು. "ಹೇಳದೇ ಕಳಿಸಿದ್ದು ತಪ್ಪು. ನೀನು ಬೇಡ ಅಂದ್ರೆ ತಮ್ಮನ ಮುಂದೆ ಏನು ಹೇಳೋದು ಅಂತ ಹೆದರಿ ಹೇಳಲಿಲ್ಲ." ಕೊಟ್ಟಿದ್ದೇ ತಪ್ಪು ಅಂತ ಅವನು ಒಪ್ಪಬೇಕಾಗಿಲ್ಲ, ಅವನಿಗೆ ಹಾಗೆ ಅನ್ನಿಸಿಯೂ ಇಲ್ಲ. ಮುಚ್ಚಿಟ್ಟಿದ್ದನ್ನು ಮಾತ್ರ ಒಪ್ಪಿಕೊಂಡ. ಹೀಗೆ ಪಾಲು ಮಾಡಿ ಒಪ್ಪಿಕೊಳ್ಳುವುದು ಗೊತ್ತಿಲ್ಲದೇ ಎಷ್ಟೋ ಜನ ಪೂರ್ತಿ ಕ್ಷಮೆ ಕೇಳಬೇಕು, ಇಲ್ಲ ಪೂರ್ತಿ ಹೋರಾಡಬೇಕು ಅಂದುಕೊಂಡಿರುತ್ತಾರೆ.

ಮೊದಲ ಕೆಲವು ಸಲ ಇದೆಲ್ಲ ನಾಟಕದ ಮಾತಿನ ಹಾಗೆ ಕೇಳಿಸುತ್ತದೆ. ಕೇಳಿಸಲಿ. ನಡುವೆ ಯಾರೋ ಒಬ್ಬರು ಮತ್ತೆ ಜಾರಿ "ನಿಮ್ಮಮ್ಮ..." ಅಂತ ಶುರು ಮಾಡಿ, "ಅಲ್ಲ, ಇರಿ, ಇನ್ನೊಂದು ಸಲ ಹೇಳ್ತೀನಿ" ಅಂತ ತಡೆದುಕೊಂಡರೆ ಅದನ್ನು ಹಿಡಿದುಕೊಂಡು ಕಾಡಬೇಡಿ. ಆ ತಡೆದುಕೊಂಡಿದ್ದೇ ಕೆಲಸ ಆಗುತ್ತಿದೆ ಅನ್ನುವುದಕ್ಕೆ ಗುರುತು. ಆಗುತ್ತಿಲ್ಲ ಅನ್ನುವುದಕ್ಕೂ ಗುರುತಿದೆ. ಪ್ರತಿ ಸಲ ಒಬ್ಬರೇ ಬಿಡುವು ಕೇಳುತ್ತಾರೆ, ಪ್ರತಿ ಸಲ ಅದೇ ವಿಷಯಕ್ಕೆ, ವಾಪಸ್ ಬಂದರೂ ಎರಡು ನಿಮಿಷಕ್ಕೆ "ಆಯ್ತು ಬಿಡು" ಅಂತ ಮುಗಿಸುತ್ತಾರೆ. ಹಾಗಾದರೆ ಬಿಡುವೇ ಮಾತು ಬಿಡುವ ಹೊಸ ದಾರಿಯಾಗಿದೆ. ಒಂದೆರಡು ತಿಂಗಳು ನೋಡಿ, ಬದಲಾಗದಿದ್ದರೆ ಜೋಡಿಗಳ ಜೊತೆ ಕೆಲಸ ಮಾಡುವ ಆಪ್ತಸಲಹೆಗಾರರನ್ನು ನೋಡಿ. ಯಾರ ಹತ್ತಿರ ಹೋಗೋದು ಅಂತ ಗೊತ್ತಾಗದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ ಕೇಳಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ನಮ್ಮ ಜೋಡಿ ಕೊನೆಗೆ ಎಲ್ಲಿಗೆ ಬಂದರು? 5,000 ರೂಪಾಯಿಗಿಂತ ಜಾಸ್ತಿ ಯಾರಿಗೇ ಕಳಿಸುವುದಿದ್ದರೂ ಕಳಿಸುವ ಮುಂಚೆ ಹೇಳಬೇಕು, ಸವಿತಾ ತನ್ನ ತವರಿಗೆ ಕಳಿಸಿದರೂ ಅಷ್ಟೇ. ಮಗಳ ಫೀಸಿನ ದುಡ್ಡು ಬೇರೆ ಅಕೌಂಟ್‌ನಲ್ಲಿ ಇಡಬೇಕು. ಮಗಳ ಕೈಲಿ ಸುದ್ದಿ ಹೇಳಿ ಕಳಿಸುವುದು ನಿಲ್ಲಬೇಕು. ತಮ್ಮನಿಗೆ ಸಹಾಯ ಮಾಡಬೇಕೋ ಬೇಡವೋ ಅನ್ನುವುದು ಮಾತ್ರ ತೀರ್ಮಾನವಾಗಲಿಲ್ಲ. ಸವಿತಾಗೆ ಬೇಡ, ಮಂಜುಗೆ ಬೇಕು. ಜೋಡಿಗಳ ಜಗಳದ ವಿಷಯಗಳಲ್ಲಿ ಸುಮಾರು 69% ಹೀಗೆ ಬಗೆಹರಿಯದೇ ಉಳಿಯುವಂಥವು ಅಂತ ಗಾಟ್‌ಮನ್ ಲೆಕ್ಕ ಹಾಕಿದ್ದಾರೆ. ಮುಂದಿನ ವರ್ಷ ಕಬ್ಬಿನ ಬಿಲ್ ತಡವಾದಾಗ ಇದೇ ಮಾತು ಮತ್ತೆ ಬರುತ್ತದೆ. ಈ ಸಲ ಮಂಜು ಕಳಿಸುವ ಮುಂಚೆ ಹೇಳುತ್ತಾನೆ, ಸವಿತಾ ಬೇಡ ಅನ್ನುತ್ತಾಳೆ, ಜಗಳ ಶುರುವಾಗುವುದು ಅಲ್ಲಿಂದ.